3,540 ರೂಪಾಯಿಯ ಸಂದರ್ಶನ

ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಕಂಪನಿ. ಹಾರ್ಡ್‌ವೇರ್, ಕಿರಾಣಿ, ಬಟ್ಟೆ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಹದಿನಾಲ್ಕು ಜನರಿದ್ದೇವೆ. ಅವರಲ್ಲಿ ಆರು ಮಂದಿ ಆಫೀಸಿಗೆ ಬರುವುದಿಲ್ಲ, ತಮ್ಮ ತಮ್ಮ ಊರಿನಲ್ಲಿ ಕುಳಿತೇ ಕೆಲಸ ಮಾಡುತ್ತಾರೆ. ಹೀಗೆ ದೂರದಿಂದ ಕೆಲಸ ಮಾಡುವವರನ್ನು ಆರಿಸಲು ಶುರುಮಾಡಿದಾಗ ನಾನು ಮಾಡಿದ ಮೊದಲ ತಪ್ಪಿನಿಂದಲೇ ಈ ಬರಹ ಆರಂಭಿಸುತ್ತೇನೆ.

ಗ್ರಾಹಕರ ದೂರು ನೋಡಿಕೊಳ್ಳುವ ಹುದ್ದೆಗೆ ಒಬ್ಬ ಯುವಕನನ್ನು ವಿಡಿಯೊ ಕರೆಯಲ್ಲಿ ಮಾತಾಡಿಸಿ ತೆಗೆದುಕೊಂಡೆ. ಚುರುಕಾಗಿ ಮಾತಾಡಿದ. "ಯಾರೂ ಹೇಳದಿದ್ದರೂ ನೀವೇ ಕೆಲಸ ಮುಂದುವರಿಸಬಲ್ಲಿರಾ?" ಎಂದು ಕೇಳಿದೆ. "ಖಂಡಿತ ಸರ್, ನನಗೆ ಅದೇ ಇಷ್ಟ" ಎಂದ. ಸೇರಿದ ಮೂರನೇ ವಾರದಲ್ಲಿ ಒಂದು ಅಂಗಡಿಯ ಹಳೆಯ ಲೆಕ್ಕವನ್ನು ಹೊಸ ಕಂಪ್ಯೂಟರಿಗೆ ಸಾಗಿಸುವಾಗ ಅವನಿಗೆ ತೊಡಕು ಬಂತು. ಮೂರು ದಿನ ಒಬ್ಬನೇ ಒದ್ದಾಡಿದ. ಒಂದು ಸಾಲೂ ಬರೆಯಲಿಲ್ಲ. ನಾಲ್ಕನೇ ದಿನ ಅಂಗಡಿಯವರೇ ನನಗೆ ಫೋನ್ ಮಾಡಿ, ಮೂರು ದಿನದಿಂದ ಕೈಬರಹದ ಬಿಲ್ ಕೊಡುತ್ತಿದ್ದೇವೆ ಎಂದರು. ನನ್ನನ್ನು ಕೇಳಿದ್ದರೆ ಆ ತೊಡಕು ಹತ್ತು ನಿಮಿಷದ್ದು. ಆಫೀಸಿನಲ್ಲಿ ಕುಳಿತಿದ್ದರೆ ಅವನ ಮುಖ ನೋಡಿಯೇ ಯಾರಾದರೂ "ಏನಾಯ್ತಪ್ಪ" ಎಂದು ಕೇಳುತ್ತಿದ್ದರು. ದೂರದಲ್ಲಿ ಕುಳಿತವನ ಮುಖ ಕಾಣುವುದಿಲ್ಲ. ಅವನು ಬರೆದದ್ದಷ್ಟೇ ಕಾಣುತ್ತದೆ.

ತಪ್ಪು ಅವನದಲ್ಲ, ನನ್ನ ಪ್ರಶ್ನೆಯದು. "ಸ್ವತಂತ್ರವಾಗಿ ಕೆಲಸ ಮಾಡುತ್ತೀರಾ?" ಎಂದು ಕೇಳಿದರೆ ಕೆಲಸ ಬೇಕಾದವರು ಯಾರೂ ಇಲ್ಲ ಎನ್ನುವುದಿಲ್ಲ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಸ್ವತಂತ್ರ ಎಂದರೆ ಯಾರನ್ನೂ ಕೇಳದೆ ಮಾಡುವುದು ಎಂದು ಅವನೂ ತಿಳಿದಿದ್ದ, ನಾನೂ ತಿಳಿದಿದ್ದೆ. ಎಷ್ಟೋ ಜನರನ್ನು ಸಂದರ್ಶಿಸಿದ ಮೇಲೆ ಈಗ ನನಗೆ ಅನ್ನಿಸುವುದು ಬೇರೆ. ಯಾವುದನ್ನು ತಾನೇ ನಿರ್ಧರಿಸಬಹುದು, ಯಾವುದನ್ನು ಕೇಳಿಯೇ ಮಾಡಬೇಕು ಎಂಬ ಗೆರೆ ಗುರುತಿಸುವುದೇ ಸ್ವತಂತ್ರವಾಗಿ ಕೆಲಸ ಮಾಡುವವರ ಗುಣ. ಆ ಗೆರೆಯ ಈಚೆ ಏನು ಮಾಡಿದೆ, ಆಚೆ ಏನು ಉಳಿಯಿತು ಎಂದು ಇನ್ನೊಬ್ಬರಿಗೆ ತಿಳಿಯುವಂತೆ ಬರೆಯುವುದು ಅದೇ ಗುಣದ ಇನ್ನೊಂದು ಮುಖ. ಆದ್ದರಿಂದ ಇವೆರಡನ್ನೂ ಒಟ್ಟಿಗೇ ಅಳೆಯಬೇಕು. ಬರೀ ಪ್ರಶ್ನೆ ಕೇಳಿ ಅಳೆಯಲು ಬರುವುದಿಲ್ಲ, ಕೆಲಸ ಕೊಟ್ಟು ನೋಡಬೇಕು.

ಇದು ನಾನೇ ಕಂಡುಹಿಡಿದ ದಾರಿಯೇನಲ್ಲ. ವರ್ಡ್‌ಪ್ರೆಸ್ ಡಾಟ್ ಕಾಮ್ ನಡೆಸುವ ಆಟೊಮ್ಯಾಟಿಕ್ ಎಂಬ ಅಮೆರಿಕದ ಕಂಪನಿಯ ನೌಕರರು ಮೊದಲಿನಿಂದಲೂ ಬೇರೆ ಬೇರೆ ದೇಶಗಳಲ್ಲಿ ಕುಳಿತು ಕೆಲಸ ಮಾಡುವವರು. ಅದರ ಮುಖ್ಯಸ್ಥ ಮ್ಯಾಟ್ ಮಲ್ಲನ್‌ವೆಗ್ 2014ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಒಂದು ಲೇಖನ ಬರೆದರು. ಒಳ್ಳೆಯ ರೆಸ್ಯೂಮೆ, ಒಳ್ಳೆಯ ಮಾತು ನೋಡಿ ತೆಗೆದುಕೊಂಡವರು ಕೆಲಸದಲ್ಲಿ ಸಪ್ಪೆಯಾದದ್ದನ್ನು ಕಂಡು, ಅಂತಿಮ ಹಂತಕ್ಕೆ ಬಂದ ಅಭ್ಯರ್ಥಿಗಳಿಗೆ ಸಂಬಳ ಕೊಟ್ಟು ನಿಜವಾದ ಕೆಲಸವನ್ನೇ ಮಾಡಿಸಿ ನೋಡುವ ಪದ್ಧತಿ ತಂದೆವು ಎಂದು ಅದರಲ್ಲಿ ವಿವರಿಸಿದ್ದಾರೆ. ಗಂಟೆಗೆ 25 ಡಾಲರಿನ ಲೆಕ್ಕದಲ್ಲಿ ಹಣ ಕೊಡುತ್ತಿದ್ದರು. ಅಭ್ಯರ್ಥಿಗಳು ಇದ್ದ ಕೆಲಸ ಬಿಡದೆ ರಾತ್ರಿಯೋ ರಜಾದಿನವೋ ಅದನ್ನು ಮಾಡಬಹುದಿತ್ತು. ನಮ್ಮಂಥ ಪುಟ್ಟ ಕಂಪನಿಗೆ ವಾರಗಟ್ಟಲೆ ಹಾಗೆ ಮಾಡಿಸುವ ಶಕ್ತಿ ಇಲ್ಲ. ಅದನ್ನೇ ಎರಡು ಗಂಟೆಗೆ ಇಳಿಸಿಕೊಂಡೆವು.

ಆ ಎರಡು ಗಂಟೆ ಹೇಗಿರುತ್ತದೆ ಎಂದು ಬಿಡಿಸಿ ಹೇಳುತ್ತೇನೆ.

ಅಭ್ಯರ್ಥಿಗೆ ನಾವು ಕೊಡುವುದು ನಾಲ್ಕು ವಸ್ತು. ಒಂದು ಹಾರ್ಡ್‌ವೇರ್ ಅಂಗಡಿಯ ಮಾಲೀಕರ ವಾಟ್ಸ್ಆ್ಯಪ್ ಸಂದೇಶ, ಆ ಅಂಗಡಿಯ ಒಂದು ದಿನದ ಲೆಕ್ಕವಿರುವ ನಮ್ಮ ಸಾಫ್ಟ್‌ವೇರಿನ ಅಭ್ಯಾಸದ ಪ್ರತಿ, ಅದೇ ದಿನದ ಬಿಲ್ ಪಟ್ಟಿ ಮತ್ತು ದಿನದ ವರದಿ, ಕೊನೆಯದಾಗಿ ನಮ್ಮ ನಿಯಮಗಳ ಒಂದು ಪುಟ. ಸಂದೇಶ ಹೀಗಿದೆ: "ಸರ್, ನಿನ್ನೆ ಬಿಲ್ ಲಿಸ್ಟ್‌ನಲ್ಲಿ 84,960 ಇದೆ, ದಿನದ ರಿಪೋರ್ಟ್‌ನಲ್ಲಿ 81,420 ಬರ್ತಿದೆ. ನಿಮ್ಮ ಸಾಫ್ಟ್‌ವೇರ್ ತಪ್ಪು ಲೆಕ್ಕ ಮಾಡ್ತಿದೆ. ನಾಳೆ ಆಡಿಟರ್ ಬರ್ತಾರೆ, ಎರಡೂ ಒಂದೇ ಬರೋ ಹಾಗೆ ಮಾಡಿ ಕೊಡಿ."

ಅಭ್ಯರ್ಥಿ ಬರೆದುಕೊಡಬೇಕಾದದ್ದು ಎರಡು. ಮಾಲೀಕರಿಗೊಂದು ಉತ್ತರ, ಮತ್ತು ಸಂಜೆಯ ಪಾಳಿಗೆ ಬರುವ ಸಹೋದ್ಯೋಗಿಗೊಂದು ಟಿಪ್ಪಣಿ. ಎರಡು ದಿನದಲ್ಲಿ ತಮಗೆ ಅನುಕೂಲವಾದ ಯಾವ ಎರಡು ಗಂಟೆಯನ್ನಾದರೂ ಆರಿಸಿಕೊಳ್ಳಬಹುದು. ಸಾವಿರ ರೂಪಾಯಿ ಕೊಡುತ್ತೇವೆ, ಆಯ್ಕೆಯಾಗಲಿ ಬಿಡಲಿ. ಅವರು ಬರೆದದ್ದನ್ನು ನಾವು ಯಾವ ಗ್ರಾಹಕರಿಗೂ ಬಳಸುವುದಿಲ್ಲ ಎಂದು ಮೊದಲೇ ಹೇಳಿರುತ್ತೇವೆ.

ಲೆಕ್ಕದ ಒಳಗುಟ್ಟು ಕಷ್ಟದ್ದಲ್ಲ. ಎರಡು ಮೊತ್ತಗಳ ನಡುವಿನ ಅಂತರ 3,540 ರೂಪಾಯಿ. ಅಂದಿನ 117ನೇ ಬಿಲ್ಲು ಪಿವಿಸಿ ಪೈಪಿನದು. ಪೈಪಿನ ಬೆಲೆ 3,000, ಅದರ ಮೇಲೆ ಶೇ 18ರ ಜಿಎಸ್‌ಟಿ 540, ಒಟ್ಟು 3,540. ಅದು ಮಧ್ಯಾಹ್ನ 2.10ಕ್ಕೆ ಆದ ಬಿಲ್ಲು, ಸಂಜೆ 6.40ಕ್ಕೆ ಕ್ಯಾನ್ಸಲ್ ಆಗಿದೆ. ಬಿಲ್ ಪಟ್ಟಿ ಕ್ಯಾನ್ಸಲ್ ಆದ ಬಿಲ್ಲನ್ನೂ ಕೂಡಿಸಿ ತೋರಿಸುತ್ತದೆ, ದಿನದ ವರದಿ ಅದನ್ನು ಬಿಟ್ಟು ಕೂಡಿಸುತ್ತದೆ. ಸಾಫ್ಟ್‌ವೇರು ಲೆಕ್ಕ ತಪ್ಪಿಲ್ಲ. ಗಮನವಿಟ್ಟು ನೋಡುವ ಯಾರಿಗಾದರೂ ಅರ್ಧ ಗಂಟೆಯೊಳಗೆ ಇದು ಸಿಗುತ್ತದೆ.

ನಿಜವಾದ ಪರೀಕ್ಷೆ ಅಲ್ಲಿಂದ ಮುಂದೆ. ಆ ಪೈಪು ಅಂಗಡಿಗೆ ವಾಪಸ್ ಬಂದಿತೋ, ಗಿರಾಕಿಗೆ ಹಣ ಹಿಂದಿರುಗಿಸಿದರೋ ಎಂಬುದು ನಾವು ಕೊಟ್ಟ ಕಾಗದಗಳಲ್ಲಿ ಎಲ್ಲಿಯೂ ಇಲ್ಲ. ಬೇಕೆಂದೇ ಬಿಟ್ಟಿದ್ದೇವೆ. ಯಾರ ಲಾಗಿನ್‌ನಿಂದ ಕ್ಯಾನ್ಸಲ್ ಆಯಿತು ಎಂಬುದನ್ನೂ ಕೊಟ್ಟಿಲ್ಲ, ಕೇಳಿದರೆ ಮಾತ್ರ ಕೊಡುತ್ತೇವೆ. ಅದು ಕೌಂಟರಿನ ಲಾಗಿನ್; ಮಾಲೀಕರೂ ಇಬ್ಬರು ಕೆಲಸಗಾರರೂ ಬಳಸುವಂಥದ್ದು. ಅಭ್ಯಾಸದ ಪ್ರತಿಯಲ್ಲಿ ಕ್ಯಾನ್ಸಲ್ ಆದ ಬಿಲ್ಲನ್ನು ಮತ್ತೆ ಜೀವಂತ ಮಾಡುವ ಗುಂಡಿಯೂ ಇದೆ. ಒತ್ತಿದರೆ ಎರಡು ಮೊತ್ತವೂ ತಕ್ಷಣ ಒಂದಾಗುತ್ತವೆ, ಮಾಲೀಕರು ಕೇಳಿದ್ದೂ ಅದನ್ನೇ. ಆದರೆ ನಿಯಮಗಳ ಪುಟದಲ್ಲಿ ಒಂದು ಸಾಲಿದೆ: ಅಂಗಡಿಯ ಲೆಕ್ಕದ ನಮೂದನ್ನು ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಬದಲಿಸಬಾರದು.

ಇನ್ನೊಂದು ಏರ್ಪಾಡು ಇದೆ. ಪ್ರಶ್ನೆಗಳಿದ್ದರೆ ಚಾಟ್‌ನಲ್ಲಿ ಬರೆಯಿರಿ, ನಮ್ಮವರೊಬ್ಬರು ಉತ್ತರಿಸುತ್ತಾರೆ ಎಂದಿರುತ್ತೇವೆ. ಆ ಉತ್ತರ ನಲವತ್ತು ನಿಮಿಷ ತಡವಾಗಿ ಹೋಗುತ್ತದೆ. ತಡವಾಗಬಹುದೆಂದು ಮೊದಲೇ ತಿಳಿಸಿರುತ್ತೇವೆ. ದೂರದ ಕೆಲಸದಲ್ಲಿ ದಿನನಿತ್ಯ ಆಗುವುದೂ ಇದೇ. ಕೇಳಿದ ಕ್ಷಣಕ್ಕೆ ಉತ್ತರ ಸಿಗುವುದಿಲ್ಲ. ಆಚೆಯವರು ಇನ್ನೊಂದು ಅಂಗಡಿಯ ಜೊತೆ ಮಾತಾಡುತ್ತಿರುತ್ತಾರೆ ಅಥವಾ ಊಟಕ್ಕೆ ಎದ್ದಿರುತ್ತಾರೆ. ಆ ನಲವತ್ತು ನಿಮಿಷದಲ್ಲಿ ಅಭ್ಯರ್ಥಿ ಏನು ಮಾಡುತ್ತಾರೆ ಎಂಬುದರಷ್ಟು ಮಾಹಿತಿಯನ್ನು ಬೇರೆ ಯಾವ ಪ್ರಶ್ನೆಯೂ ನನಗೆ ಕೊಟ್ಟಿಲ್ಲ.

ಕಳೆದ ಬಾರಿ ಈ ಹಂತಕ್ಕೆ ಬಂದವರಲ್ಲಿ ನಾಲ್ವರ ಬರಹವನ್ನು ಹೋಲಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ.

ಮೊದಲನೆಯವರು ಬೆಂಗಳೂರಿನ ದೊಡ್ಡ ಕಾಲ್ ಸೆಂಟರ್ ಒಂದರಲ್ಲಿ ಇದ್ದವರು. ಅವರ ಉತ್ತರ: "ತಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ. ನಮ್ಮ ತಾಂತ್ರಿಕ ತಂಡ ಈ ವಿಷಯವನ್ನು ಪರಿಶೀಲಿಸುತ್ತಿದೆ. ಶೀಘ್ರದಲ್ಲೇ ಸರಿಪಡಿಸಲಾಗುವುದು." ಒಂದು ಅಕ್ಷರದ ತಪ್ಪಿಲ್ಲ. ಆದರೆ ಓದಿ ಮುಗಿಸಿದ ಮಾಲೀಕರಿಗೆ ಸಂದೇಶ ಕಳಿಸುವ ಮೊದಲು ಗೊತ್ತಿದ್ದಕ್ಕಿಂತ ಒಂದಿಷ್ಟೂ ಹೆಚ್ಚು ಗೊತ್ತಾಗುವುದಿಲ್ಲ. ಮೇಲಾಗಿ, ಸರಿಪಡಿಸುವಂಥದ್ದು ಏನಾದರೂ ಇದೆಯೇ ಎಂದು ತಿಳಿಯುವ ಮೊದಲೇ ಸರಿಪಡಿಸುವ ಮಾತು ಕೊಟ್ಟಾಗಿದೆ. ನಯವಾದ ಬರಹ ಓದುವವರನ್ನು ಸುಲಭವಾಗಿ ಮೋಸಗೊಳಿಸುವುದು ಇಲ್ಲಿಯೇ.

ಎರಡನೆಯವರು ಹದಿನೈದು ನಿಮಿಷದಲ್ಲಿ 117ನೇ ಬಿಲ್ಲನ್ನು ಹಿಡಿದರು. ಅಷ್ಟು ಬೇಗ ಯಾರೂ ಹಿಡಿದಿರಲಿಲ್ಲ. ಹಿಡಿದವರೇ ಗುಂಡಿ ಒತ್ತಿ ಬಿಲ್ಲನ್ನು ಜೀವಂತ ಮಾಡಿದರು. "ಸರಿ ಮಾಡಿದ್ದೇನೆ ಸರ್, ಈಗ ತಾಳೆಯಾಗುತ್ತೆ" ಎಂದು ಬರೆದರು. ಪೈಪು ನಿಜಕ್ಕೂ ವಾಪಸ್ ಬಂದಿದ್ದರೆ, ಮಾರಾಟವಾಗದ ಸರಕಿಗೆ ಅಂಗಡಿಯವರು ಈಗ ತೆರಿಗೆ ತೋರಿಸಬೇಕು. ಕೆಲಸಗಾರನೊಬ್ಬ ಹಣ ಇಟ್ಟುಕೊಂಡು ಬಿಲ್ ಕ್ಯಾನ್ಸಲ್ ಮಾಡಿದ್ದರೆ, ಅದರ ಗುರುತನ್ನು ನಾವೇ ಅಳಿಸಿದಂತಾಯಿತು. ಸಂದರ್ಶನದಲ್ಲಿ ಕೂತು ಮಾತಾಡಿದ್ದರೆ ನಾನು ಇವರನ್ನೇ ಆರಿಸುತ್ತಿದ್ದೆ. ಎದುರು ಕುಳಿತವರಲ್ಲಿ ನಾವು ಮೆಚ್ಚುವ ಚುರುಕು, ಧೈರ್ಯ, ತಾನೇ ಮುನ್ನುಗ್ಗುವ ಸ್ವಭಾವ ಎಲ್ಲವೂ ಇವರಲ್ಲಿತ್ತು.

ಮೂರನೆಯವರು ಎಚ್ಚರದವರು. ಮೊದಲ ಪ್ರಶ್ನೆ ಕಳಿಸಿದರು: "ಯಾವ ತಾರೀಖಿನ ರಿಪೋರ್ಟ್ ನೋಡಬೇಕು?" ತಾರೀಖು ಕಾಗದದ ಮೇಲೆಯೇ ಇತ್ತು. ಉತ್ತರ ಬರುವವರೆಗೆ ಕಾದರು. ಆಮೇಲೆ ಎರಡನೆಯ ಪ್ರಶ್ನೆ, ಮತ್ತೆ ಕಾಯುವುದು. ಎರಡು ಗಂಟೆ ಮುಗಿದಾಗ ಮೂರು ಪ್ರಶ್ನೆ ಕೇಳಿದ್ದರು, ಉತ್ತರ ಬರೆದಿರಲಿಲ್ಲ. ಇವರು ಸೋಮಾರಿಯಲ್ಲ, ದಡ್ಡರೂ ಅಲ್ಲ. ಪಕ್ಕದಲ್ಲಿ ಒಬ್ಬರು ಕುಳಿತು ಹೇಳಿಕೊಡುವ ಜಾಗದಲ್ಲಿ ಚೆನ್ನಾಗಿಯೇ ದುಡಿಯುತ್ತಾರೆ. ಆದರೆ ನಾವು ಕರೆದ ಹುದ್ದೆ ಅಂಥದ್ದಲ್ಲ.

ನಾಲ್ಕನೆಯವರು ಶಿರಸಿಯ ಹತ್ತಿರದ ಹಳ್ಳಿಯ ಹೆಣ್ಣುಮಗಳು, ಬಿ.ಕಾಂ. ಓದಿದವರು, ಅಡಿಕೆ ಮಂಡಿಯೊಂದರಲ್ಲಿ ಎರಡು ವರ್ಷ ಲೆಕ್ಕ ಬರೆದವರು. ಅವರು ಮಾಲೀಕರಿಗೆ ಬರೆದದ್ದನ್ನು ಇದ್ದಂತೆಯೇ ಕೊಡುತ್ತೇನೆ:

"ಸರ್ ನಮಸ್ಕಾರ. ಎರಡು ಮೊತ್ತದ ವ್ಯತ್ಯಾಸ 3,540. ನಿನ್ನೆಯ 117ನೇ ಬಿಲ್ಲೂ ಅಷ್ಟೇ ಇದೆ (ಪಿವಿಸಿ ಪೈಪು 3,000, ಜಿಎಸ್‌ಟಿ 540). ಆ ಬಿಲ್ ಮಧ್ಯಾಹ್ನ 2.10ಕ್ಕೆ ಆಗಿ ಸಂಜೆ 6.40ಕ್ಕೆ ಕ್ಯಾನ್ಸಲ್ ಆಗಿದೆ. ಬಿಲ್ ಲಿಸ್ಟ್ ಕ್ಯಾನ್ಸಲ್ ಆದದ್ದನ್ನೂ ಸೇರಿಸಿ ತೋರಿಸುತ್ತೆ, ದಿನದ ರಿಪೋರ್ಟ್ ಬಿಟ್ಟು ತೋರಿಸುತ್ತೆ. ಹಾಗಾಗಿ ಎರಡು ಬೇರೆ ಬರ್ತಿದೆ. ನಿಮ್ಮಿಂದ ಒಂದು ವಿಷಯ ತಿಳಿಯಬೇಕು: ಆ ಪೈಪು ವಾಪಸ್ ಬಂದು ಹಣ ಹಿಂದೆ ಕೊಟ್ಟಿದ್ದೀರಾ? ಹೌದಾದರೆ ರಿಪೋರ್ಟ್ ಸರಿಯೇ ಇದೆ, ಆಡಿಟರ್‌ಗೆ 81,420 ತೋರಿಸಬಹುದು. ಇಲ್ಲವಾದರೆ ದಯವಿಟ್ಟು ಇಲ್ಲೇ ಬರೆದು ತಿಳಿಸಿ. ನೀವು ಹೇಳುವ ತನಕ ನಾನು ಲೆಕ್ಕದಲ್ಲಿ ಏನೂ ಬದಲಿಸಲ್ಲ."

ಸಂಜೆಯ ಪಾಳಿಯವರಿಗೆ ಬರೆದ ಟಿಪ್ಪಣಿ ಇನ್ನೂ ಚಿಕ್ಕದು: "ಗೊತ್ತಾಗಿದ್ದು: 117 ಕ್ಯಾನ್ಸಲ್ ಆಗಿದ್ದೇ ವ್ಯತ್ಯಾಸಕ್ಕೆ ಕಾರಣ. ನಾನು ಅಂದುಕೊಂಡಿದ್ದು: ಸರಕು ವಾಪಸ್ ಬಂದಿರಬಹುದು, ಖಾತ್ರಿ ಇಲ್ಲ. ಬಾಕಿ: ಮಾಲೀಕರ ಉತ್ತರ. ಆರು ಗಂಟೆಯೊಳಗೆ ಬರದಿದ್ದರೆ ಫೋನ್ ಮಾಡಿ, ನಾಳೆ ಆಡಿಟ್ ಇದೆ. ಯಾರು ಕ್ಯಾನ್ಸಲ್ ಮಾಡಿದ್ದು ಅಂತ ಅವರು ಕೇಳಿದರೆ ಕೌಂಟರ್ ಲಾಗಿನ್ ಅಂತ ಮಾತ್ರ ಹೇಳಿ, ಮೂರು ಜನ ಅದನ್ನ ಬಳಸ್ತಾರೆ."

ಇವರು ಚಾಟ್‌ನಲ್ಲಿ ಒಂದೇ ಸಲ ಬರೆದಿದ್ದರು, ಒಂದೇ ಸಂದೇಶದಲ್ಲಿ ಎರಡು ಪ್ರಶ್ನೆ. ಕ್ಯಾನ್ಸಲ್ ಮಾಡಿದ ಲಾಗಿನ್ ಯಾವುದು, ಮತ್ತು ಸರಕು ವಾಪಸ್ ಬಂದ ದಾಖಲೆ ಬೇರೆ ಎಲ್ಲಾದರೂ ಇರುತ್ತದೆಯೇ? ಜೊತೆಗೆ ಇನ್ನೊಂದು ಸಾಲು: "ಉತ್ತರ ಬರುವವರೆಗೆ ಮಾಲೀಕರಿಗೆ ಕಾರಣ ವಿವರಿಸಿ ಬರೆದಿಡುತ್ತೇನೆ." ನಲವತ್ತು ನಿಮಿಷ ಹೇಗೆ ಕಳೆಯಿತು ಎಂದು ನಾವು ಊಹಿಸುವ ಪ್ರಮೇಯವೇ ಬರಲಿಲ್ಲ.

ಈಗ ಅಂಕದ ಮಾತು. ಬರಹ ಓದಿ "ಚೆನ್ನಾಗಿದೆ", "ಅಷ್ಟಕ್ಕಷ್ಟೆ" ಎನ್ನತೊಡಗಿದರೆ ಓದುವವರ ರುಚಿ ಒಳಗೆ ನುಸುಳುತ್ತದೆ. ಅದಕ್ಕಾಗಿ ನಾಲ್ಕು ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟುಕೊಂಡಿದ್ದೇವೆ. ಖಚಿತವಾಗಿ ಗೊತ್ತಾದದ್ದನ್ನೂ ಊಹೆಯನ್ನೂ ಬೇರೆ ಮಾಡಿ ಬರೆದಿದ್ದಾರೆಯೇ? ಕೇಳಲೇಬೇಕಾದದ್ದನ್ನು ಕೇಳಿದ್ದಾರೆಯೇ, ಕಾಗದದಲ್ಲೇ ಇದ್ದದ್ದನ್ನು ಕೇಳದೆ ಹುಡುಕಿಕೊಂಡಿದ್ದಾರೆಯೇ? ಉತ್ತರಕ್ಕೆ ಕಾಯುವಾಗ ಮುಂದಿನ ಕೆಲಸ ಸಾಗಿದೆಯೇ? ತಮ್ಮ ಅಧಿಕಾರಕ್ಕೆ ಮೀರಿದ್ದನ್ನು ಮುಟ್ಟದೆ ಬಿಟ್ಟಿದ್ದಾರೆಯೇ? ಒಂದೊಂದಕ್ಕೂ ಸೊನ್ನೆಯಿಂದ ಮೂರು ಅಂಕ. ಎಷ್ಟು ಮಾಡಿದರೆ ಒಂದು, ಎಷ್ಟಕ್ಕೆ ಎರಡು ಎಂಬುದಕ್ಕೆ ಒಂದೊಂದು ಉದಾಹರಣೆಯನ್ನೂ ಬರೆದಿಟ್ಟಿದ್ದೇವೆ. ಹೆಸರು, ಊರು, ಓದು ತೆಗೆದ ಪ್ರತಿಗಳನ್ನು ಇಬ್ಬರು ಬೇರೆ ಬೇರೆ ಕುಳಿತು ಓದುತ್ತಾರೆ, ಅಂಕ ಹಾಕಿದ ಮೇಲೆಯೇ ಒಟ್ಟಿಗೆ ಮಾತಾಡುತ್ತಾರೆ. ಒಂದರಲ್ಲಿ ಇಬ್ಬರ ನಡುವೆ ಎರಡು ಅಂಕದ ಅಂತರ ಬಂದರೆ ಅಭ್ಯರ್ಥಿಯನ್ನು ದೂರುವುದಿಲ್ಲ, ನಮ್ಮ ಪ್ರಶ್ನೆಯನ್ನೇ ಮತ್ತೆ ನೋಡುತ್ತೇವೆ.

ಈ ನಾಲ್ಕರಲ್ಲಿ ಕಾಗುಣಿತಕ್ಕೆ ಜಾಗವಿಲ್ಲ, ಇಂಗ್ಲಿಷಿಗೂ ಇಲ್ಲ. ಇದನ್ನು ಒತ್ತಿ ಹೇಳಬೇಕು. ಒಳ್ಳೆಯ ಲಿಖಿತ ಸಂವಹನ ಎಂದರೆ ಒಳ್ಳೆಯ ಇಂಗ್ಲಿಷ್ ಎಂದು ನಮ್ಮಲ್ಲಿ ಹಲವರು ತಿಳಿದುಬಿಟ್ಟಿದ್ದಾರೆ. ಶಿರಸಿಯವರ ಅರ್ಜಿ ಇಂಗ್ಲಿಷಿನಲ್ಲಿತ್ತು, ಅದರಲ್ಲಿ ವ್ಯಾಕರಣದ ತಪ್ಪುಗಳಿದ್ದವು. ಅರ್ಜಿಯ ಹಂತದಲ್ಲೇ ಅವರನ್ನು ಬದಿಗಿಡುವವರಿದ್ದೆವು. ನಮ್ಮ ಗ್ರಾಹಕರು ಬರೆಯುವುದು ಕನ್ನಡದಲ್ಲಿ, ನಾವು ಉತ್ತರಿಸುವುದು ಕನ್ನಡದಲ್ಲಿ. ಹಾಗಿರುವಾಗ ಇಂಗ್ಲಿಷಿನ ತಪ್ಪು ಲೆಕ್ಕಕ್ಕೆ ಬರಬೇಕಾದ ಕಾರಣವೇ ಇಲ್ಲ. ಅಮೆರಿಕದ ಗ್ರಾಹಕರಿಗೆ ಬರೆಯುವ ಹುದ್ದೆಯಾದರೆ ಇಂಗ್ಲಿಷನ್ನು ನೋಡಲೇಬೇಕು. ಆಗಲೂ ಭಾಷೆಯ ಅಂಕ ಬೇರೆ, ಸ್ಪಷ್ಟತೆಯ ಅಂಕ ಬೇರೆ ಇರಲಿ. ಭಾಷೆಯ ತಪ್ಪನ್ನು ಆರು ತಿಂಗಳಲ್ಲಿ ತಿದ್ದಬಹುದು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂಬಂತೆ ಬರೆಯುವ ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ.

ಬರಹದ ಸ್ಪಷ್ಟತೆ ಅಳೆಯಲು ನಮ್ಮಲ್ಲಿ ಒಂದು ಸರಳ ಉಪಾಯವಿದೆ. ಅಭ್ಯರ್ಥಿ ಬರೆದ ಟಿಪ್ಪಣಿಯನ್ನು, ಈ ಪರೀಕ್ಷೆಯ ಬಗ್ಗೆ ಏನೂ ಗೊತ್ತಿಲ್ಲದ ನಮ್ಮ ಒಬ್ಬ ಸಹೋದ್ಯೋಗಿಗೆ ಕೊಡುತ್ತೇವೆ. "ಇದನ್ನು ಓದಿ ಮುಂದಿನ ಕೆಲಸ ಶುರುಮಾಡಿ. ಬರೆದವರನ್ನು ಏನೇನು ಕೇಳಬೇಕು ಅನ್ನಿಸುತ್ತದೋ ಪಟ್ಟಿ ಮಾಡಿ" ಎನ್ನುತ್ತೇವೆ. ಮೊದಲ ಅಭ್ಯರ್ಥಿಯ ಟಿಪ್ಪಣಿಗೆ ಏಳು ಪ್ರಶ್ನೆ ಬಂದವು: ಏನು ನೋಡಿದ್ದಾರೆ, ಮಾಲೀಕರಿಗೆ ಏನೆಂದು ಮಾತು ಕೊಟ್ಟಿದ್ದಾರೆ ಎಂದೆಲ್ಲ. ಶಿರಸಿಯವರ ಟಿಪ್ಪಣಿಗೆ ಬಂದದ್ದು ಒಂದೇ: ಮಾಲೀಕರ ಫೋನ್ ನಂಬರ್ ಯಾವುದು? ಓದಿದವರು ತಿರುಗಿ ಕೇಳಬೇಕಾಗುವ ಪ್ರಶ್ನೆ ಕಡಿಮೆಯಾದಷ್ಟೂ ಬರಹ ಒಳ್ಳೆಯದು. ದೂರದ ಕೆಲಸದಲ್ಲಿ ಒಂದೊಂದು ಮರುಪ್ರಶ್ನೆಗೂ ಅರ್ಧ ದಿನ ಹೋಗಬಹುದು, ಆದ್ದರಿಂದ ಈ ಅಳತೆಯನ್ನೇ ನಾನು ಹೆಚ್ಚು ನಂಬುತ್ತೇನೆ.

ಇಷ್ಟಾದ ಮೇಲೆ ವಿಡಿಯೊ ಕರೆ, ನಲವತ್ತು ನಿಮಿಷ. ಮಾತಿನ ಸಂದರ್ಶನವೇ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ನೌಕರರ ಆಯ್ಕೆಯ ಬಗ್ಗೆ ಹಿಂದೆ ನಡೆದ ಅಧ್ಯಯನಗಳನ್ನು 2022ರಲ್ಲಿ ಮತ್ತೆ ಲೆಕ್ಕ ಹಾಕಿದಾಗ, ಮುಂದಿನ ಕೆಲಸವನ್ನು ಅಂದಾಜಿಸುವುದರಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಕಟ್ಟುನಿಟ್ಟಾದ ಸಂದರ್ಶನವೇ. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮ, ಮೊದಲೇ ಗೊತ್ತುಮಾಡಿದ ಅಂಕ ಇರುವುದು ಅಂಥ ಸಂದರ್ಶನ. ಮಾತು ಹರಿದ ಕಡೆ ಹೋಗುವ ಸಂದರ್ಶನ ಅದಕ್ಕಿಂತ ಬಹಳ ಕೆಳಗಿತ್ತು. ನಾನು ಮೊದಲು ಮಾಡುತ್ತಿದ್ದದ್ದು ಆ ಎರಡನೆಯ ಬಗೆಯದು.

ಈಗ ಕರೆಯ ಮೊದಲರ್ಧದಲ್ಲಿ ಅಭ್ಯರ್ಥಿ ಬರೆದದ್ದನ್ನೇ ಮುಂದಿಟ್ಟುಕೊಳ್ಳುತ್ತೇವೆ. "ಮಾಲೀಕರು ಈಗ ಉತ್ತರಿಸಿದ್ದಾರೆ, ಪೈಪು ವಾಪಸ್ ಬಂದಿಲ್ಲವಂತೆ. ಮುಂದೇನು ಮಾಡುತ್ತೀರಿ? ಅವರಿಗೆ ಈಗಲೇ ಎರಡು ಸಾಲು ಬರೆಯಿರಿ." ಬೇರೆಯವರ ಕೈಯಲ್ಲಿ ಬರೆಸಿಕೊಂಡು ಬಂದವರು ಇಲ್ಲಿ ಸಿಕ್ಕಿಬೀಳುತ್ತಾರೆ. ತಾವೇ ಮಾಡಿದವರಿಗೆ ಬಿಲ್ಲಿನ ನಂಬರೂ ಹೊತ್ತೂ ನಾಲಿಗೆಯ ತುದಿಯಲ್ಲಿರುತ್ತದೆ, ಉಳಿದವರು ಕಾಗದ ಹುಡುಕುತ್ತಾರೆ. ಶಿರಸಿಯವರು ಸ್ವಲ್ಪ ಯೋಚಿಸಿ, ಬಿಲ್ಲನ್ನು ಮತ್ತೆ ಸೇರಿಸಲು ಒಪ್ಪಿಗೆಯನ್ನು ಬರಹದಲ್ಲಿ ಕೇಳುತ್ತೇನೆ, ಸೇರಿಸಿದ ತಾರೀಖೂ ಕಾರಣವೂ ದಾಖಲಾಗುವಂತೆ ನೋಡಿಕೊಳ್ಳುತ್ತೇನೆ ಎಂದರು. ಆಮೇಲೆ, "ಯಾರು ಮಾಡಿದ್ದು ಎಂಬುದು ಅವರ ಅಂಗಡಿಯ ವಿಷಯ, ಅವರು ಕೇಳಿದಷ್ಟು ಮಾತ್ರ ಹೇಳುತ್ತೇನೆ" ಎಂದರು.

ಉಳಿದರ್ಧದಲ್ಲಿ ಹಿಂದೆ ನಡೆದದ್ದನ್ನು ಕೇಳುತ್ತೇವೆ. "ಹೀಗಾದರೆ ಏನು ಮಾಡುತ್ತೀರಿ" ಎಂದಲ್ಲ, "ಹೀಗಾದಾಗ ಏನು ಮಾಡಿದಿರಿ" ಎಂದು. ಕೇಳಲು ಯಾರೂ ಸಿಗದ ಹೊತ್ತಿನಲ್ಲಿ ಕೊನೆಯ ಸಲ ಸಿಕ್ಕಿಹಾಕಿಕೊಂಡದ್ದು ಯಾವಾಗ? ಮೊದಲ ಒಂದು ಗಂಟೆ ಏನು ಮಾಡಿದಿರಿ? ಯಾರಿಗೆ, ಯಾವಾಗ ತಿಳಿಸಿದಿರಿ? ಏನೆಂದು ಬರೆದಿರಿ? ಹೀಗೆ ಒಂದೇ ಘಟನೆಯನ್ನು ನಾಲ್ಕು ಮೆಟ್ಟಿಲು ಇಳಿದು ನೋಡುವುದು. ನಡೆದದ್ದನ್ನು ಹೇಳುವವರ ಮಾತಿನಲ್ಲಿ ಹೊತ್ತು, ಹೆಸರು, ಬೈಸಿಕೊಂಡದ್ದು, ತಾನು ಮಾಡಿದ ತಪ್ಪು ಎಲ್ಲವೂ ಬರುತ್ತದೆ. ಕಟ್ಟಿ ಹೇಳುವವರದು ಎರಡನೆಯ ಮೆಟ್ಟಿಲಿಗೇ "ಸಾಮಾನ್ಯವಾಗಿ ನಾನು…" ಎಂದು ಶುರುವಾಗುತ್ತದೆ. ದೂರದ ಕೆಲಸದ ಅನುಭವವೇ ಇಲ್ಲದವರಿಗೂ ಈ ಪ್ರಶ್ನೆ ಒಪ್ಪುತ್ತದೆ. ಮಂಡಿಯಲ್ಲಿ ಯಜಮಾನರು ಇಲ್ಲದ ದಿನ ತೂಕದ ತಕರಾರು ಬಂದದ್ದನ್ನು ಶಿರಸಿಯವರು ಹೇಳಿದರು. ರೈತರನ್ನು ಕಾಯಿಸದೆ ಅಡಿಕೆ ಇಳಿಸಿಕೊಂಡು, ತಕರಾರಿನ ಚೀಲಗಳನ್ನು ಬೇರೆ ಇಟ್ಟು, ಚೀಟಿಯಲ್ಲಿ ಎರಡೂ ತೂಕ ಬರೆದು ರೈತರ ಸಹಿ ಹಾಕಿಸಿದ್ದರು. ದರ ಮಾತ್ರ ಯಜಮಾನರು ಬಂದ ಮೇಲೆ. ಕಂಪ್ಯೂಟರಿನ ಸೋಂಕೇ ಇಲ್ಲದ ಆ ಘಟನೆಯಲ್ಲಿ ನಮಗೆ ಬೇಕಾದ ಗುಣವೆಲ್ಲ ಇತ್ತು.

ಈ ವಿಧಾನಕ್ಕೂ ಮಿತಿಗಳಿವೆ. ಎರಡು ಗಂಟೆಯ ಕೆಲಸ ಎರಡು ಗಂಟೆಯನ್ನಷ್ಟೇ ತೋರಿಸುತ್ತದೆ. ಆರು ತಿಂಗಳು ಒಂಟಿಯಾಗಿ ಕೋಣೆಯಲ್ಲಿ ಕುಳಿತು ಕೆಲಸ ಮಾಡುವಾಗ ಮಂಕು ಕವಿಯುತ್ತದೆಯೇ, ಬೆಳಗಿನ ಉತ್ಸಾಹ ಉಳಿಯುತ್ತದೆಯೇ ಎಂದು ಅದು ಹೇಳಲಾರದು. ಹಾಗಾಗಿ ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ಅವರ ಟಿಪ್ಪಣಿಗಳನ್ನೇ ಮುಂದಿಟ್ಟುಕೊಂಡು ಅರ್ಧ ಗಂಟೆ ಮಾತಾಡುತ್ತೇವೆ. ಪರೀಕ್ಷೆಯ ಭಯಕ್ಕೆ ಕೆಲವರು ಗಟ್ಟಿಯಾಗಿದ್ದರೂ ತಡವರಿಸುತ್ತಾರೆ. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಕರೆಂಟು ದಿನಗಟ್ಟಲೆ ಹೋಗುತ್ತದೆ. ಅದು ಅಭ್ಯರ್ಥಿಯ ದೋಷವಲ್ಲ, ಆದ್ದರಿಂದಲೇ ಎರಡು ದಿನದ ಅವಕಾಶ. ಕರೆಂಟು ಹೋದಾಗ ಫೋನಿನಿಂದ ಒಂದು ಸಾಲು ತಿಳಿಸಿದರೋ ಇಲ್ಲವೋ ಎಂಬುದನ್ನು ಮಾತ್ರ ಗಮನಿಸುತ್ತೇವೆ.

ಇನ್ನೊಂದು ಮಿತಿ ನಮ್ಮದೇ. ಮೊದಲ ಸಲ ಈ ಪರೀಕ್ಷೆ ಕೊಟ್ಟಾಗ ಐವರಲ್ಲಿ ನಾಲ್ವರು ಗುಂಡಿ ಒತ್ತಿಬಿಟ್ಟರು. ಯಾರಿಗೂ ವಿವೇಕವಿಲ್ಲ ಎಂದುಕೊಂಡೆ. ಆಮೇಲೆ ನಮ್ಮಲ್ಲೇ ಇರುವ ಇಬ್ಬರು ಅನುಭವಿಗಳಿಗೆ ಅದೇ ಕಾಗದ ಕೊಟ್ಟೆ, ಅವರೂ ಒತ್ತಿದರು. ಆಗ ನಿಯಮದ ಪುಟ ತೆಗೆದು ನೋಡಿದರೆ, ಒಪ್ಪಿಗೆಯ ಸಾಲನ್ನು ನಾನು ಬರೆದೇ ಇರಲಿಲ್ಲ. ನನ್ನ ತಲೆಯಲ್ಲಿತ್ತು, ಕಾಗದದಲ್ಲಿರಲಿಲ್ಲ. ಗೆರೆ ಎಲ್ಲಿದೆ ಎಂದು ಹೇಳದೆ, ಗೆರೆ ದಾಟಿದರು ಎಂದು ನಾಲ್ವರನ್ನು ಕಳಿಸಿಬಿಟ್ಟಿದ್ದೆ. ಅಂದಿನಿಂದ ಯಾವ ಪರೀಕ್ಷೆಯನ್ನೂ ಮೊದಲು ನಮ್ಮವರ ಮೇಲೆ ಪ್ರಯೋಗಿಸದೆ ಹೊರಗೆ ಕಳಿಸುವುದಿಲ್ಲ.

ಆ ತಪ್ಪು ಇನ್ನೊಂದು ಅಭ್ಯಾಸ ತಂದಿತು. ದೂರದ ಹುದ್ದೆಗೆ ಜಾಹೀರಾತು ಬರೆಯುವ ಮೊದಲು ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡುತ್ತೇನೆ. ಈ ಹುದ್ದೆಯವರು ನನ್ನನ್ನು ಕೇಳದೆ ಮಾಡಬಹುದಾದದ್ದು ಯಾವುದು, ಕೇಳಿಯೇ ಮಾಡಬೇಕಾದದ್ದು ಯಾವುದು? ಆ ಹಾಳೆ ತುಂಬದಿದ್ದರೆ ಜಾಹೀರಾತು ನಿಲ್ಲಿಸುತ್ತೇನೆ. ಏಕೆಂದರೆ ಆ ಗೆರೆ ನನಗೇ ಕಾಣದಿದ್ದರೆ ಬರುವ ಅಭ್ಯರ್ಥಿಯಲ್ಲಿ ಅದನ್ನು ಹುಡುಕಲು ನನಗೆ ಸಾಧ್ಯವಿಲ್ಲ. ಅಂಥ ಹಾಳೆ ಇದ್ದಿದ್ದರೆ ಮೂರು ದಿನ ಒದ್ದಾಡಿದ ಆ ಯುವಕನಿಗೆ ನಾನು ಮೊದಲ ದಿನವೇ, "ಒಂದು ಗಂಟೆ ಪ್ರಯತ್ನಿಸು, ಆಗದಿದ್ದರೆ ಬರೆದು ತಿಳಿಸು" ಎಂದು ಹೇಳಿರುತ್ತಿದ್ದೆ. ಅವನು ಬಹುಶಃ ಉಳಿದುಕೊಳ್ಳುತ್ತಿದ್ದ.

ಶಿರಸಿಯವರು ಈಗ ನಮ್ಮ ಜೊತೆ ಇದ್ದಾರೆ. ಪರೀಕ್ಷೆಯ ದಿನ ಅವರು ಬಳಸಿದ ಮೂರು ತಲೆಬರಹಗಳನ್ನೇ, ಅಂದರೆ ಗೊತ್ತಾಗಿದ್ದು, ಅಂದುಕೊಂಡಿದ್ದು, ಬಾಕಿ, ಪಾಳಿ ಬದಲಾಗುವಾಗ ಎಲ್ಲರೂ ಬರೆಯುತ್ತೇವೆ. ನಾನೂ ಹಾಗೆಯೇ ಬರೆಯುತ್ತೇನೆ.